ಸೊಂಟದ ಎಂಆರ್‌ಐ: ರೋಗಲಕ್ಷಣ, ಹಿನ್ನೆಲೆ ಗೊತ್ತಿಲ್ಲದೆ ಚಿತ್ರ ಮಾತ್ರ ಓದಿದರೆ ಎಲ್ಲಿ ಎಡವುತ್ತೇವೆ?

ಕಪ್ಪುಬಿಳುಪು (ಪ್ರಶ್ನೆ)

ರೇಡಿಯಾಲಜಿ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು ಒಂದು ಸೊಂಟದ ಎಂಆರ್‌ಐ ಕೊಟ್ಟಿದ್ದಾರೆ. ಗಂಡಸು, ವಯಸ್ಸು 54. ಇಷ್ಟು ಬಿಟ್ಟರೆ ಬೇರೆ ಮಾಹಿತಿ ಇಲ್ಲ. ಲಕ್ಷಣಗಳನ್ನು ಬರೆದ ಹಾಳೆ ಲಕೋಟೆಯಲ್ಲಿದೆ, ನಮ್ಮ ಉತ್ತರ ಬರೆದ ಮೇಲೆಯೇ ತೆರೆಯಬೇಕು.

ಕಾಣುವುದು ಇಷ್ಟು: ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ ನಡುವಿನ ಎಲ್4-ಎಲ್5 ಡಿಸ್ಕ್, ನೀರಿನಂಶ ಬಿಳಿಯಾಗಿ ಕಾಣುವ ಟಿ2 ಚಿತ್ರದಲ್ಲಿ ಕಪ್ಪಾಗಿದೆ, ಎತ್ತರ ಸ್ವಲ್ಪ ಕುಸಿದಿದೆ. ನಡುಭಾಗದಿಂದ ತುಸು ಎಡಕ್ಕೆ ಹಿಂದಕ್ಕೆ ಚಾಚಿಕೊಂಡು ಎಡಗಡೆಯ ಎಲ್5 ನರಕ್ಕೆ ತಾಗುತ್ತಿದೆ. ಅದರ ಕೆಳಗಿನ ಎಲ್5-ಎಸ್1ರಲ್ಲಿ ಸುತ್ತಲೂ ಸಣ್ಣ ಉಬ್ಬು. ಉಳಿದದ್ದೆಲ್ಲ ಸರಿಯಾಗಿದೆ.

ಜೊತೆಗೆ ಓದುವವರೆಲ್ಲ "ಎಡಗಾಲಿನ ಸಯಾಟಿಕಾ, ಕಾರಣ ಎಲ್4-ಎಲ್5 ಡಿಸ್ಕ್" ಅನ್ನುತ್ತಿದ್ದಾರೆ. ನರಕ್ಕೆ ತಾಗಿರುವುದು ಕಣ್ಣಿಗೇ ಕಾಣುತ್ತಿರುವಾಗ ಹಾಗೆ ಬರೆದರೆ ಏನು ತಪ್ಪು? ಲಕ್ಷಣ ಗೊತ್ತಿರಲೇಬೇಕು ಎಂಬುದಕ್ಕೆ ಕಾರಣವೇನು?

ಬೆಳಕಿನಪೆಟ್ಟಿಗೆ

"ತಾಗಿದೆ" ಅನ್ನುವವರೆಗೆ ಚಿತ್ರ ಹೇಳುತ್ತದೆ. "ಕಾರಣ" ಅನ್ನುವುದನ್ನು ಚಿತ್ರ ಹೇಳುವುದಿಲ್ಲ, ಅದನ್ನು ನೀವು ಸೇರಿಸುತ್ತಿದ್ದೀರಿ. ಆ ಮನುಷ್ಯನಿಗೆ ಕಾಲುನೋವು ಇದೆ ಎಂದೇ ನಿಮಗಿನ್ನೂ ಗೊತ್ತಿಲ್ಲ.

ಬೆನ್ನುನೋವಿಲ್ಲದ ಜನರ ಸೊಂಟವನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತದೆ ಎಂಬುದನ್ನು ಮೊದಲು ನೋಡೋಣ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ನೋವಿಲ್ಲದ 98 ಜನರ ಎಂಆರ್‌ಐ ಓದಿಸಿದರು. ಅವರಲ್ಲಿ 52% ಜನರಿಗೆ ಕನಿಷ್ಠ ಒಂದು ಡಿಸ್ಕ್‌ನಲ್ಲಿ ಉಬ್ಬು ಇತ್ತು, 27% ಜನರಿಗೆ ನಿಮ್ಮ ಚಿತ್ರದಲ್ಲಿರುವಂತಹ ಚಾಚಿಕೆ ಇತ್ತು. ಆಮೇಲೆ 2015ರಲ್ಲಿ ಇಂತಹ 33 ಅಧ್ಯಯನಗಳನ್ನು, ನೋವಿಲ್ಲದ ಒಟ್ಟು 3,110 ಜನರನ್ನು ಒಟ್ಟುಗೂಡಿಸಿ ವಯಸ್ಸಿನ ಲೆಕ್ಕದಲ್ಲಿ ವಿಂಗಡಿಸಿದರು. 50ರ ವಯಸ್ಸಿನವರಲ್ಲಿ ಡಿಸ್ಕ್ ಸವೆತ ಸುಮಾರು 80%, ಉಬ್ಬು 60%, ಚಾಚಿಕೆ 36%. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬೇಡಿ.

ಅಂದರೆ ದಾರಿಯಲ್ಲಿ ಹೋಗುವ, ಬೆನ್ನು ನೆಟ್ಟಗಿರುವ 50 ವರ್ಷದ ಮೂವರನ್ನು ಕರೆತಂದು ಸ್ಕ್ಯಾನ್ ಮಾಡಿದರೆ ಹೆಚ್ಚುಕಡಿಮೆ ಒಬ್ಬರಲ್ಲಿ ಚಾಚಿಕೊಂಡ ಡಿಸ್ಕ್ ಸಿಗುತ್ತದೆ. ನೋವಿರುವವರಲ್ಲಿ ಅದೇ ಸಿಕ್ಕಿದಾಗ, ಅದು ನೋವಿನ ಮೂಲವೋ ಅಥವಾ ಮೊದಲಿಂದಲೂ ಅಲ್ಲೇ ಇದ್ದದ್ದೋ ಎಂದು ಚಿತ್ರವೊಂದೇ ಬೇರ್ಪಡಿಸಿಕೊಡಲಾರದು.

ಮೂಳೆಮಾತು

ಈ ಅಂಕಿಅಂಶ ಎಲ್ಲರೂ ಹೇಳುತ್ತಾರೆ. ಅದನ್ನೇ ಹಿಡಿದುಕೊಂಡು ಎಂಆರ್‌ಐ ಅಂದರೇನೇ ಅರ್ಥವಿಲ್ಲ ಎಂಬ ಮಟ್ಟಕ್ಕೆ ಹೋಗಿದ್ದಾರೆ. ನಾನು ಆಪರೇಷನ್ ಮಾಡುವವನು. ಡಿಸ್ಕ್ ತುಂಡು ನರವನ್ನು ಅಮುಕಿದ್ದು ತೆಗೆದ ಕೂಡಲೇ ಕಾಲುನೋವು ಹೋಗುವುದನ್ನು ನೋಡುತ್ತೇವೆ. ಚಿತ್ರ ಸುಳ್ಳು ಹೇಳುವುದಿಲ್ಲ. ನರಕ್ಕೆ ತಾಗಿದೆ ಅಂದರೆ ತಾಗಿದೆ, ಇವತ್ತಲ್ಲ ನಾಳೆ ನೋವು ಬಂದೇ ಬರುತ್ತದೆ.

ಬೆಳಕಿನಪೆಟ್ಟಿಗೆ

@ಮೂಳೆಮಾತು ನಿಮ್ಮ ಮಾತಿನ ಮೊದಲರ್ಧ ಒಪ್ಪುತ್ತೇನೆ, ಕೊನೆಯ ವಾಕ್ಯ ಒಪ್ಪುವುದಿಲ್ಲ. ಅದೇ 98 ಜನರ ಅಧ್ಯಯನದಲ್ಲಿ ಡಿಸ್ಕ್ ಹರಿದು ಒಳಗಿನ ತಿರುಳು ಕತ್ತು ಚಾಚಿ ಹೊರಬಂದದ್ದು ಕೇವಲ 1% ಜನರಲ್ಲಿ. ಆದ್ದರಿಂದ ಎಲ್ಲ ಬದಲಾವಣೆಗೂ ಒಂದೇ ಬೆಲೆ ಅಲ್ಲ. ಉಬ್ಬು ಕಂಡರೆ ಹೆಚ್ಚೇನೂ ತಿಳಿಯಲಿಲ್ಲ ಎಂದರ್ಥ. ತಿರುಳು ಹೊರಬಂದು ನರವನ್ನು ಚಪ್ಪಟೆ ಮಾಡಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬರಿದೇ ತಾಗುವುದು, ನರವನ್ನು ಜಾಗದಿಂದ ಸರಿಸುವುದು, ಅಮುಕಿ ಚಪ್ಪಟೆ ಮಾಡುವುದು, ಈ ಮೂರನ್ನೂ ರಿಪೋರ್ಟ್‌ನಲ್ಲಿ ಬೇರೆಬೇರೆಯಾಗಿ ಬರೆಯಬೇಕು. ಇಲ್ಲಿರುವುದು ಮೊದಲನೆಯದು.

"ನಾಳೆ ನೋವು ಬಂದೇ ಬರುತ್ತದೆ" ಅನ್ನುವುದಕ್ಕೆ ಆಧಾರವಿಲ್ಲ. ದೊಡ್ಡದಾಗಿ ಹೊರಬಂದ ತುಂಡುಗಳು ಕೂಡ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿ ಕರಗಿ ಕುಗ್ಗುತ್ತವೆ. ಬರೀ ಉಬ್ಬಿಗಿಂತ ಕಳಚಿಕೊಂಡ ತುಂಡೇ ಹೆಚ್ಚಾಗಿ ಕರಗುತ್ತದೆ, ಏಕೆಂದರೆ ಅದು ರಕ್ತನಾಳಗಳಿರುವ ಜಾಗಕ್ಕೆ ಬಂದು ಬಿದ್ದಿರುತ್ತದೆ, ದೇಹದ ಕಣಗಳು ಅದನ್ನು ತಿಂದು ಮುಗಿಸುತ್ತವೆ.

ನಿಮ್ಮ ರೋಗಿಗಳು ಗುಣವಾಗುವುದಕ್ಕೆ ಕಾರಣವೂ ಇಲ್ಲೇ ಇದೆ. ನೀವು ಚಿತ್ರ ನೋಡಿ ಆಪರೇಷನ್ ಮಾಡುವುದಿಲ್ಲ. ಯಾವ ಕಾಲು, ನೋವು ಯಾವ ದಾರಿಯಲ್ಲಿ ಇಳಿಯುತ್ತದೆ, ಹೆಬ್ಬೆರಳಿನ ಬಲ ಕುಂದಿದೆಯೇ ಎಂದು ನೋಡಿ, ಅದು ಚಿತ್ರದ ಜೊತೆ ಹೊಂದಿದ ಮೇಲೆಯೇ ಚಾಕು ಹಿಡಿಯುತ್ತೀರಿ. ಹೊಂದಿಸಿ ನೋಡುವುದು ಅಭ್ಯಾಸವಾಗಿ ಹೋಗಿರುವುದರಿಂದ ಆ ಕೆಲಸವನ್ನು ಚಿತ್ರವೇ ಮಾಡಿತು ಎನ್ನಿಸುತ್ತದೆ.

ನಡಿಗೆ

ಫಿಸಿಯೋಥೆರಪಿ ಕಡೆಯಿಂದ ಒಂದು ಮಾತು. ಇದೇ ಚಿತ್ರವನ್ನು ಬೇರೆಬೇರೆ ದೂರುಗಳ ಪಕ್ಕದಲ್ಲಿಟ್ಟು ನೋಡಿದರೆ ಕೇಳಿದವರಿಗೆ ಬೇಗ ಅರ್ಥವಾಗಬಹುದು.

ನೋವು ಎಡ ಪಿರ್ರೆಯಿಂದ ಕಾಲಿನ ಹೊರಬದಿಯಲ್ಲಿ ಇಳಿದು ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬರುತ್ತದೆ, ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿದರೆ ನನ್ನ ಬೆರಳಿನ ಒತ್ತಡಕ್ಕೆ ಸೋಲುತ್ತದೆ, ಮಲಗಿಸಿ ನೆಟ್ಟಗೆ ಕಾಲೆತ್ತಿದರೆ 40 ಡಿಗ್ರಿಯಲ್ಲೇ ಕಾಲಿಗೆ ನೋವು ಹರಿಯುತ್ತದೆ ಅಂದರೆ ಅದು ಎಡ ಎಲ್5. ಚಿತ್ರಕ್ಕೆ ಸರಿಯಾಗಿ ಕೂರುತ್ತದೆ.

ಅದೇ ಎಡಗಾಲೇ, ಆದರೆ ನೋವು ತೊಡೆಯ ಮುಂಭಾಗದಲ್ಲಿ ಇಳಿದು ಮೊಣಕಾಲಿನ ಕೆಳಗೆ ಒಳಬದಿಗೆ ಬರುತ್ತದೆ, ಮಂಡಿಯ ರಿಫ್ಲೆಕ್ಸ್ ಮಂಕಾಗಿದೆ ಅಂದರೆ ಅದು ಎಲ್4 ನರದ ಮಾತು. ಈಗ ಆ ಚಾಚಿಕೆ ಉತ್ತರವಲ್ಲ. ಹಿಮ್ಮಡಿಯ ಹಿಂದೆ ರಿಫ್ಲೆಕ್ಸ್ ಇಲ್ಲ, ಒಂಟಿ ಕಾಲಲ್ಲಿ ಬೆರಳತುದಿಯ ಮೇಲೆ ಏಳಲು ಆಗುತ್ತಿಲ್ಲ, ಪಾದದ ಹೊರ ಅಂಚು ಜೋಮು ಅಂದರೆ ಎಸ್1. ಆಗಲೂ ಎಲ್5-ಎಸ್1ರ ಆ "ಸಣ್ಣ ಉಬ್ಬ"ನ್ನು ಮತ್ತೊಮ್ಮೆ ಹತ್ತಿರದಿಂದ ನೋಡಬೇಕು.

ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ, ಆದರೆ ಉತ್ತರ ಮೂರು ಸಲ ಬದಲಾಯಿತು.

ಕಪ್ಪುಬಿಳುಪು

ಎಲ್4 ವಿಚಾರ ಗೊಂದಲವಾಯಿತು. ಡಿಸ್ಕ್ ಎಲ್4-ಎಲ್5ದು. ಹಾಗಿದ್ದ ಮೇಲೆ ಎಲ್4 ನರಕ್ಕೆ ತೊಂದರೆ ಆಗಲೂಬಹುದಲ್ಲವೇ?

ಬೆಳಕಿನಪೆಟ್ಟಿಗೆ

ಆಗಬಹುದು, ಆದರೆ ಬೇರೆ ಜಾಗದಲ್ಲಿ. ಎಲ್4 ನರ ಈ ಡಿಸ್ಕ್‌ನ ಎತ್ತರಕ್ಕೆ ಬರುವಷ್ಟರಲ್ಲಿ ಬೆನ್ನೆಲುಬಿನ ನಾಳದಿಂದ ಪಕ್ಕದ ಕಿಂಡಿಗೆ ಹೊರಟುಹೋಗಿರುತ್ತದೆ. ನಾಳದೊಳಗೆ ಕೆಳಕ್ಕೆ ಇಳಿಯುತ್ತಿರುವುದು ಎಲ್5. ಆದ್ದರಿಂದ ನಡುವಿನ ಪಕ್ಕಕ್ಕೆ ಚಾಚಿದರೆ ಪೆಟ್ಟು ಎಲ್5ಗೆ, ಕಿಂಡಿಯೊಳಗೆ ಅಥವಾ ಅದರಾಚೆಗೆ ಚಾಚಿದರೆ ಪೆಟ್ಟು ಎಲ್4ಗೆ.

ಲಕ್ಷಣ ಗೊತ್ತಿಲ್ಲದವರು ಜಾರುವುದು ಇಲ್ಲೇ. ಕಿಂಡಿಯ ಆಚೆಗಿನ ಚಾಚಿಕೆ ನಡುವಿನ ಉದ್ದಸೀಳು ಚಿತ್ರಗಳಲ್ಲಿ ಕಾಣುವುದೇ ಇಲ್ಲ. ತೀರಾ ಪಕ್ಕದ ಒಂದೆರಡು ಸೀಳಿನಲ್ಲಿ ನರದ ಸುತ್ತ ಇರಬೇಕಾದ ಬಿಳಿ ಕೊಬ್ಬು ಟಿ1ರಲ್ಲಿ ಮಾಯವಾಗಿರುತ್ತದೆ, ಸುಳಿವು ಅಷ್ಟೇ. ಅಡ್ಡಸೀಳಿನಲ್ಲಿ ಎಡ, ಬಲ ಎರಡೂ ಬದಿಯ ನರಗಳ ದಪ್ಪ ಹೋಲಿಸಬೇಕು. ನಡುವಿನ ಪಕ್ಕದಲ್ಲಿ ಎದ್ದು ಕಾಣುವ ಚಾಚಿಕೆ ಒಂದು ಸಿಕ್ಕಿಬಿಟ್ಟರೆ ಕಣ್ಣು ತೃಪ್ತಿಪಟ್ಟು ಹುಡುಕಾಟ ನಿಲ್ಲಿಸುತ್ತದೆ. "ತೊಡೆಯ ಮುಂಭಾಗ, ಮಂಡಿ ರಿಫ್ಲೆಕ್ಸ್ ಮಂಕು" ಎಂಬ ಒಂದೇ ಸಾಲು ಫಾರಂನಲ್ಲಿದ್ದರೆ ನೇರವಾಗಿ ಆ ಕಿಂಡಿಗೆ ಹೋಗಿ ನೋಡುತ್ತೀರಿ. ಹಿನ್ನೆಲೆ ಇಲ್ಲದಿದ್ದರೆ ಆಗುವ ತಪ್ಪು ಎರಡು ತರಹದ್ದು: ಬೇಡದ್ದಕ್ಕೆ ಅರ್ಥ ಹಚ್ಚುವುದು ಒಂದು, ಬೇಕಾದದ್ದನ್ನು ಕಾಣದೇ ಹೋಗುವುದು ಇನ್ನೊಂದು. ಎರಡನೆಯದರ ಬಗ್ಗೆ ಮಾತು ಕಡಿಮೆ, ಆದರೆ ಅಪಾಯ ಅದರಲ್ಲೇ ಹೆಚ್ಚು.

ಸಾಲುಮರ

ನನ್ನ ರಿಪೋರ್ಟ್‌ನಲ್ಲೂ ಎಲ್4-ಎಲ್5, ಎಲ್5-ಎಸ್1 ಎರಡೂ ಕಡೆ ಡಿಸ್ಕ್ ಉಬ್ಬು, ನರದ ಚೀಲಕ್ಕೆ ಒತ್ತುತ್ತಿದೆ ಎಂದು ಬರೆದಿದೆ. ಆಗ ಇದ್ದ ನೋವು ಈಗ ಇಲ್ಲ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಆದರೂ ಮನೆಯವರು ರಿಪೋರ್ಟ್ ಓದಿ ಭಾರ ಎತ್ತಬೇಡಿ, ಬಗ್ಗಬೇಡಿ, ಬೇಗ ಆಪರೇಷನ್ ಮಾಡಿಸಿ ಅನ್ನುತ್ತಾರೆ. ಮಾಡಿಸಲೇ? ಇನ್ನೊಂದು ಕಡೆ ಮತ್ತೆ ಎಂಆರ್‌ಐ ಮಾಡಿಸಿ ಹೋಲಿಸಿ ನೋಡಲೇ?

ನಡಿಗೆ

@ಸಾಲುಮರ ಅವರೇ, ಇಲ್ಲಿ ಚರ್ಚೆ ರಿಪೋರ್ಟ್ ಓದುವ ಬಗೆಯದು. ನಿಮ್ಮನ್ನು ಪರೀಕ್ಷೆ ಮಾಡದೆ ಏನು ಮಾಡಿಸಬೇಕು ಎಂದು ಹೇಳಿದರೆ ನಾವೂ ಅದೇ ತಪ್ಪನ್ನು ಮಾಡಿದಂತಾಗುತ್ತದೆ. ಆದರೆ ಒಂದು ವಿಷಯ ಎಲ್ಲರಿಗೂ ಅನ್ವಯಿಸುತ್ತದೆ: ನೋವಿಲ್ಲದೆ, ಬಲ ಕುಂದದೆ ಇರುವಾಗ ಉಬ್ಬಿದೆ ಎಂಬ ಕಾರಣಕ್ಕೆ ಡಿಸ್ಕ್ ಆಪರೇಷನ್ ಮಾಡುವುದಿಲ್ಲ. ಆಪರೇಷನ್ ಇರುವುದು ಕಾಲಿನ ನೋವಿಗೆ, ಬಲಹೀನತೆಗೆ. ಬಗ್ಗಬಾರದು ಎಂಬ ಹೆದರಿಕೆಯಿಂದ ಬೆನ್ನು ಬಿಗಿಹಿಡಿದು ನಡೆಯುವವರನ್ನು ದಿನವೂ ನೋಡುತ್ತೇವೆ, ಅವರ ತೊಂದರೆಯ ದೊಡ್ಡ ಪಾಲು ಆ ಹೆದರಿಕೆಯದೇ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮತ್ತು ಗುಪ್ತಾಂಗದ ಸುತ್ತ ಸ್ಪರ್ಶ ಮಂಕಾಗುವುದು, ಎರಡೂ ಕಾಲುಗಳು ಸೋಲುವುದು, ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು, ಹಳೆಯ ರಿಪೋರ್ಟ್‌ನಲ್ಲಿ ಏನೇ ಬರೆದಿರಲಿ.

ಬೆಳಕಿನಪೆಟ್ಟಿಗೆ

ಇನ್ನೊಂದು ಕಡೆ ಎಂಆರ್‌ಐ ಮಾಡಿಸಿ ಹೋಲಿಸುವ ಬಗ್ಗೆ: 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದೆ. ಸೊಂಟನೋವು ಮತ್ತು ಬಲಗಾಲಿನ ನರನೋವು ಇದ್ದ 63 ವರ್ಷದ ಒಬ್ಬರೇ ಮಹಿಳೆಯನ್ನು ಮೂರು ವಾರದೊಳಗೆ ಹತ್ತು ಬೇರೆಬೇರೆ ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿಸಿದರು. ಹತ್ತು ರಿಪೋರ್ಟ್‌ಗಳಲ್ಲಿ ಒಟ್ಟು 49 ಬೇರೆಬೇರೆ ದೋಷಗಳ ಹೆಸರು ಬಂತು, ಹತ್ತರಲ್ಲೂ ಸಮಾನವಾಗಿ ಬಂದದ್ದು ಒಂದೂ ಇಲ್ಲ. ಆದ್ದರಿಂದ ಎರಡು ಕಡೆಯ ರಿಪೋರ್ಟ್‌ಗಳ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು "ಹೆಚ್ಚಾಗಿದೆ, ಕಡಿಮೆಯಾಗಿದೆ" ಅನ್ನುವುದು ಸರಿಯಲ್ಲ. ಹೋಲಿಸುವುದಾದರೆ ಚಿತ್ರಗಳನ್ನೇ ಒಬ್ಬರೇ ಕೂತು ಹೋಲಿಸಬೇಕು.

ಟಿ2_ಟೆಕ್

ನಾನು ಸ್ಕ್ಯಾನರ್ ನಡೆಸುವವನು. ಇಲ್ಲಿಯವರೆಗೆ ಎಲ್ಲರೂ ಓದುವ ಹಂತದ ಬಗ್ಗೆಯೇ ಹೇಳಿದ್ದೀರಿ. ಹಿನ್ನೆಲೆ ಇಲ್ಲದಿದ್ದರೆ ಅದಕ್ಕಿಂತ ಮೊದಲೇ ಕೆಡುತ್ತದೆ, ಏಕೆಂದರೆ ಯಾವ ಚಿತ್ರ ತೆಗೆಯಬೇಕು ಎಂಬುದೇ ಫಾರಂ ಮೇಲೆ ನಿಂತಿದೆ. ಬರುವ ಫಾರಂನಲ್ಲಿ ಬಹಳ ಸಲ "ಸೊಂಟನೋವು" ಎಂಬ ಒಂದೇ ಪದ ಇರುತ್ತದೆ.

ಮೊದಲು ಡಿಸ್ಕ್ ಆಪರೇಷನ್ ಆಗಿತ್ತು ಎಂದು ಬರೆಯದಿದ್ದರೆ ಸಾಮಾನ್ಯ ಚಿತ್ರಗಳನ್ನಷ್ಟೇ ತೆಗೆದು ಕಳುಹಿಸುತ್ತೇವೆ. ಆಮೇಲೆ ನರದ ಸುತ್ತ ಕಾಣುವ ಬೂದು ಮುದ್ದೆ ಆಪರೇಷನ್ನಿನ ಗಾಯದ ಕಲೆಯೋ ಮತ್ತೆ ಬಂದ ಡಿಸ್ಕ್ ತುಂಡೋ ಎಂದು ಹೇಳುವುದು ಕಷ್ಟ. ಚಿತ್ರದಲ್ಲಿ ಬೆಳಗುವ ಗ್ಯಾಡೊಲಿನಿಯಂ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಕೂಡಲೇ ತೆಗೆದರೆ ಕಲೆ ಪೂರ್ತಿ ಬೆಳಗುತ್ತದೆ, ಡಿಸ್ಕ್ ತುಂಡು ಅಂಚಿನಲ್ಲಷ್ಟೇ ಬೆಳಗಿ ಒಳಗೆ ಕಪ್ಪಾಗಿಯೇ ಉಳಿಯುತ್ತದೆ. ಕೂಡಲೇ ಎಂದು ಹೇಳಲು ಕಾರಣವಿದೆ. ತಡಮಾಡಿದರೆ ಔಷಧಿ ತುಂಡಿನೊಳಗೂ ಇಳಿದು ವ್ಯತ್ಯಾಸ ಅಳಿಸಿಹೋಗುತ್ತದೆ. ಇನ್ನು ಕಿಡ್ನಿ ತೊಂದರೆ ಇದ್ದರೆ ಅದನ್ನೂ ಫಾರಂನಲ್ಲೇ ತಿಳಿಸಬೇಕು, ಗ್ಯಾಡೊಲಿನಿಯಂ ಕೊಡುವ ಮುನ್ನ ನಾವು ಅದನ್ನು ನೋಡಲೇಬೇಕು.

ಬಿದ್ದು ಪೆಟ್ಟಾಗಿದೆ ಎಂದಿದ್ದರೆ ಕೊಬ್ಬಿನ ಬಿಳುಪನ್ನು ಅಡಗಿಸುವ ಎಸ್‌ಟಿಐಆರ್ ಸರಣಿ ಇದೆಯೇ ಎಂದು ಖಚಿತ ಮಾಡಿಕೊಳ್ಳುತ್ತೇವೆ. ಕುಸಿದ ಬೆನ್ನೆಲುಬಿನ ಒಳಗೆ ಅದರಲ್ಲಿ ಬೆಳಗಿದರೆ ಹೊಸ ಬಿರುಕು, ಇಲ್ಲದಿದ್ದರೆ ಹಳೆಯದಿರುವ ಸಾಧ್ಯತೆ ಹೆಚ್ಚು. ಆಕಾರ ಮಾತ್ರ ನೋಡಿ ಹೊಸದು ಹಳೆಯದು ಹೇಳಲಾಗದು.

ಬೆಳಕಿನಪೆಟ್ಟಿಗೆ

@ಟಿ2_ಟೆಕ್ ಹೇಳಿದ್ದು ಬಹಳ ಮುಖ್ಯ. ಅದಕ್ಕೆ ಜ್ವರವನ್ನು ಸೇರಿಸುತ್ತೇನೆ. ಡಿಸ್ಕ್‌ನ ಎರಡೂ ಬದಿಯ ಮೂಳೆಯಂಚು ಟಿ1ರಲ್ಲಿ ಕಪ್ಪು, ಟಿ2ರಲ್ಲಿ ಬಿಳುಪಾಗಿ ಕಾಣುವುದು ಸವೆತದಿಂದಲೂ ಆಗುತ್ತದೆ, ಮೊದಮೊದಲ ಸೋಂಕಿನಿಂದಲೂ ಆಗುತ್ತದೆ. ಸೋಂಕಿನಲ್ಲಿ ಸಾಮಾನ್ಯವಾಗಿ ಡಿಸ್ಕ್ ಕೂಡ ಟಿ2ರಲ್ಲಿ ಬೆಳಗುತ್ತದೆ, ಮೂಳೆಯಂಚು ತಿಂದುಹೋದಂತಿರುತ್ತದೆ, ಪಕ್ಕದ ಸ್ನಾಯುವಿನಲ್ಲಿ ಊತ ಇರುತ್ತದೆ. ಆದರೆ ಆರಂಭದಲ್ಲಿ ಇವೆಲ್ಲ ಇರಲೇಬೇಕೆಂದಿಲ್ಲ. ಫಾರಂನಲ್ಲಿ ಏನೂ ಇಲ್ಲದಿದ್ದರೆ "ಸವೆತದ ಬದಲಾವಣೆ" ಎಂದು ಬರೆದು ಮುಂದೆ ಹೋಗುವುದು ಸುಲಭ. "ಮೂರು ವಾರದಿಂದ ಸಣ್ಣ ಜ್ವರ, ರಾತ್ರಿ ಮಲಗಿದರೂ ನೋವು ಕಡಿಮೆಯಿಲ್ಲ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಿದೆ" ಎಂದಿದ್ದರೆ ಅದೇ ಚಿತ್ರಕ್ಕೆ ಸೋಂಕು ಮೊದಲ ಅನುಮಾನವಾಗುತ್ತದೆ.

ಕಪ್ಪುಬಿಳುಪು

ಈಗ ಲಕೋಟೆ ತೆರೆದಿದ್ದೇವೆ. ಹಾಳೆಯಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ:

ಐದು ತಿಂಗಳಿಂದ *ಬಲ* ತೊಡೆಸಂದಿನಲ್ಲಿ ನೋವು, ತೊಡೆಯ ಮುಂಭಾಗದಲ್ಲಿ ಮಂಡಿಯವರೆಗೆ ಬರುತ್ತದೆ. ಕಾಲಿಗೆ ಭಾರ ಬಿದ್ದರೆ ಹೆಚ್ಚು. ಕಾಲುಚೀಲ ಹಾಕಿಕೊಳ್ಳಲು, ಕಾರಿನಿಂದ ಇಳಿಯಲು ಕಷ್ಟ. ಬೆನ್ನಿನಲ್ಲಿ ಹೇಳಿಕೊಳ್ಳುವಂತಹ ನೋವಿಲ್ಲ. ಎರಡೂ ಕಾಲು ನೆಟ್ಟಗೆ 80 ಡಿಗ್ರಿವರೆಗೆ ನೋವಿಲ್ಲದೆ ಏಳುತ್ತವೆ. ಬಲ, ರಿಫ್ಲೆಕ್ಸ್, ಸ್ಪರ್ಶ ಎಲ್ಲ ಸರಿ. ಬಲ ಹಿಪ್ ಒಳಕ್ಕೆ ತಿರುಗುವುದು 10 ಡಿಗ್ರಿ, ಆಗ ಅದೇ ನೋವು ಮರುಕಳಿಸುತ್ತದೆ. ಎಡ 30 ಡಿಗ್ರಿ. ಎರಡು ವರ್ಷದ ಹಿಂದೆ ಚರ್ಮದ ಕಾಯಿಲೆಗೆ ಹಲವು ತಿಂಗಳು ಸ್ಟೀರಾಯ್ಡ್ ಮಾತ್ರೆ.

ಸ್ಕ್ಯಾನಿಗೆ ಕಳುಹಿಸಿದ ಫಾರಂನಲ್ಲಿ ಇದ್ದದ್ದು: "ಕಾಲುನೋವು, ಡಿಸ್ಕ್?"

ಮೂಳೆಮಾತು

ಹಾಗಾದರೆ ಸರಳ. ಚಿತ್ರದಲ್ಲಿರುವುದು ಎಡಗಡೆ, ನೋವು ಬಲಗಡೆ, ಅದೂ ತೊಡೆಸಂದಿನಲ್ಲಿ. ಇದು ತೊಡೆಯ ಬುಡದ ಹಿಪ್ ಕೀಲಿನ ಸವೆತ. ಸೊಂಟದ ಎಂಆರ್‌ಐ ಪಕ್ಕಕ್ಕಿಡಿ, ಹಿಪ್ ಎಕ್ಸ್‌ರೇ ತೆಗೆಸಿ, ವಿಷಯ ಮುಗಿಯಿತು.

ಬೆಳಕಿನಪೆಟ್ಟಿಗೆ

ಕೀಲಿನ ಕಡೆ ತಿರುಗಿದ್ದು ಸರಿ. ಒಳಕ್ಕೆ ತಿರುಗುವುದು 15 ಡಿಗ್ರಿಯೊಳಗೇ ನಿಂತು ಅದೇ ನೋವು ಬಂದರೆ ಹಿಪ್ ಮೇಲೆ ಅನುಮಾನ ಗಟ್ಟಿ. ಆದರೆ "ಎಕ್ಸ್‌ರೇ ತೆಗೆಸಿ, ಮುಗಿಯಿತು" ಎಂಬಲ್ಲಿ ಅದೇ ಬಲೆಗೆ ಎರಡನೇ ಸಲ ಬೀಳುತ್ತೇವೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರ ಅಧ್ಯಯನದ ಹಿಪ್ ಎಕ್ಸ್‌ರೇಗಳನ್ನು ನೋಡಿದಾಗ, ಸವೆತ ಕಂಡ ಕೀಲುಗಳಲ್ಲಿ ಆಗಾಗ ನೋಯುತ್ತಿದ್ದವು ಸುಮಾರು 21% ಮಾತ್ರ. ಆಗಾಗ ನೋವಿದ್ದವರ ಕೀಲುಗಳಲ್ಲಿ ಎಕ್ಸ್‌ರೇಯಲ್ಲಿ ಸವೆತ ಕಂಡದ್ದು ಸುಮಾರು 16%. ಅಂದರೆ ಈ ಚಿತ್ರವೂ ಒಂಟಿಯಾಗಿ ನಿಲ್ಲಲಾರದು.

ಅದಕ್ಕಿಂತ ಮುಖ್ಯವಾಗಿ, ಹಾಳೆಯ ಕೊನೆಯ ಸಾಲನ್ನು ನೀವು ದಾಟಿಹೋದಿರಿ. ತಿಂಗಳುಗಟ್ಟಲೆ ಸ್ಟೀರಾಯ್ಡ್. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ ಮೂಳೆ ಸಾಯುವ ಕಾಯಿಲೆಗೆ ಇದು ಗೊತ್ತಿರುವ ಕಾರಣ, ಅತಿಯಾದ ಮದ್ಯಪಾನ ಇನ್ನೊಂದು. ಆರಂಭದಲ್ಲಿ ಎಕ್ಸ್‌ರೇ ಪೂರ್ತಿ ಸರಿಯಾಗಿಯೇ ಕಾಣಬಹುದು. ಎಂಆರ್‌ಐಯಲ್ಲಿ ಮಾತ್ರ ಸತ್ತ ಭಾಗವನ್ನು ಸುತ್ತುವರಿದ ಗೆರೆ, ಟಿ2ರಲ್ಲಿ ಕಪ್ಪು ಮತ್ತು ಬಿಳಿ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಎಕ್ಸ್‌ರೇಯಲ್ಲಿ ಮೂಳೆಯ ಮೇಲ್ಪದರದ ಕೆಳಗೆ ಅರ್ಧಚಂದ್ರದಂತಹ ಗೆರೆ ಬರುವಷ್ಟರಲ್ಲಿ ಮೂಳೆಯ ತಲೆ ಕುಸಿಯಲು ಶುರುವಾಗಿರುತ್ತದೆ, ಕೀಲನ್ನು ಉಳಿಸುವ ದಾರಿಗಳು ಕಿರಿದಾಗಿರುತ್ತವೆ.

ಈ ರೋಗಿಗೆ ಆಗಬೇಕಾದ ಕ್ರಮ: ಪೆಲ್ವಿಸ್‌ನ ಮುಂದಿನಿಂದ ಒಂದು ಎಕ್ಸ್‌ರೇ, ಮಂಡಿ ಮಡಚಿ ತೊಡೆಯನ್ನು ಹೊರಕ್ಕೆ ಚೆಲ್ಲಿ ಪಕ್ಕದಿಂದ ಇನ್ನೊಂದು. ಅವು ಸರಿಯಿದ್ದರೂ ನಿಲ್ಲದೆ *ಎರಡೂ* ಹಿಪ್‌ಗಳ ಎಂಆರ್‌ಐ, ಏಕೆಂದರೆ ಸ್ಟೀರಾಯ್ಡ್‌ನಿಂದ ಆಗುವುದು ಬಹಳ ಸಲ ಎರಡೂ ಬದಿಗೆ ಇರುತ್ತದೆ, ಇನ್ನೊಂದು ಬದಿ ನೋವು ಕೊಡದೆ ಮೌನವಾಗಿರಬಹುದು. ಇಷ್ಟಾದ ಮೇಲೂ ನೋವು ಕೀಲಿನದೋ ಬೆನ್ನಿನದೋ ಎಂಬ ಅನುಮಾನ ಉಳಿದರೆ, ಕೀಲಿನೊಳಗೆ ಮರಗಟ್ಟಿಸುವ ಔಷಧಿ ಹಾಕಿ ಅದರ ಪ್ರಭಾವ ಇರುವಷ್ಟು ಹೊತ್ತು ನಡೆಸಿ ನೋಡಬಹುದು. ನೋವು ಬಹುಪಾಲು ಹೋದರೆ ಮೂಲ ಕೀಲಿನಲ್ಲೇ.

ನಡಿಗೆ

ಒಂದು ಎಚ್ಚರಿಕೆ. ತೊಡೆಸಂದು, ತೊಡೆಯ ಮುಂಭಾಗದ ನೋವು ಸೊಂಟದ ಮೇಲಿನ ನರಗಳಿಂದಲೂ, ಅಂದರೆ ಎಲ್1ರಿಂದ ಎಲ್3ರವರೆಗಿನ ನರಗಳಿಂದಲೂ ಬರಬಹುದು. ಹಾಗಾಗಿ ಲಕೋಟೆ ತೆರೆದ ಮೇಲೆ ಸೊಂಟದ ಚಿತ್ರವನ್ನು ಪಕ್ಕಕ್ಕೆಸೆಯಬಾರದು, ಬಲಗಡೆಯ ಮೇಲಿನ ಕಿಂಡಿಗಳನ್ನು ಇನ್ನೊಮ್ಮೆ ನೋಡಬೇಕು.

ಕಪ್ಪುಬಿಳುಪು

ನೋಡಿದೆವು. ಬಲಗಡೆ ಎಲ್1-ಎಲ್2, ಎಲ್2-ಎಲ್3, ಎಲ್3-ಎಲ್4 ಮೂರೂ ಕಿಂಡಿಗಳಲ್ಲಿ ನರದ ಸುತ್ತ ಕೊಬ್ಬು ಚೆನ್ನಾಗಿದೆ. ಹಾಗಾದರೆ ಈ ರಿಪೋರ್ಟ್‌ನ ಕೊನೆಯ ಭಾಗ ಹೇಗೆ ಬರೆಯಬೇಕು? ಎಡಗಡೆಯ ಚಾಚಿಕೆಯನ್ನು ಬಿಟ್ಟೇಬಿಡಬೇಕೇ?

ಬೆಳಕಿನಪೆಟ್ಟಿಗೆ

ಬಿಡಬಾರದು. ಕಂಡದ್ದನ್ನು ಮುಚ್ಚಿಡುವ ಹಾಗಿಲ್ಲ, ಮುಂದೊಂದು ದಿನ ಎಡಗಾಲು ನೋಯಲು ಶುರುವಾದರೆ ಹೋಲಿಸಲು ಅದೇ ಬೇಕಾಗುತ್ತದೆ. ಆದರೆ ತೂಕ ಎಲ್ಲಿ ಬೀಳಬೇಕೋ ಅಲ್ಲಿ ಬೀಳಬೇಕು. ಹೀಗೆ ಬರೆಯಬಹುದು:

"ಎಲ್4-ಎಲ್5ರಲ್ಲಿ ನಡುವಿನಿಂದ ಎಡಕ್ಕೆ ಸಣ್ಣ ಡಿಸ್ಕ್ ಚಾಚಿಕೆ, ಎಡ ಎಲ್5 ನರಕ್ಕೆ ತಾಗಿದೆ, ಅಮುಕಿಲ್ಲ. ಬಲಗಡೆ ಯಾವ ಮಟ್ಟದಲ್ಲೂ ನರಕ್ಕೆ ಒತ್ತಡವಿಲ್ಲ. ತಿಳಿಸಿರುವ ಬಲ ತೊಡೆಸಂದಿನ ನೋವಿಗೆ ಈ ಚಿತ್ರದಲ್ಲಿ ಕಾರಣ ಕಾಣುವುದಿಲ್ಲ. ಬಲ ಹಿಪ್ ಚಲನೆ ಕುಂದಿರುವುದು ಮತ್ತು ಸ್ಟೀರಾಯ್ಡ್ ಹಿನ್ನೆಲೆಯಿಂದಾಗಿ ಎಕ್ಸ್‌ರೇ ಮತ್ತು ಎರಡೂ ಹಿಪ್‌ಗಳ ಎಂಆರ್‌ಐ ಸೂಕ್ತ."

ಫಾರಂನಲ್ಲಿ "ಕಾಲುನೋವು, ಡಿಸ್ಕ್?" ಅಷ್ಟೇ ಇದ್ದಾಗ ಈ ಮೂರನೇ, ನಾಲ್ಕನೇ ವಾಕ್ಯ ಬರೆಯಲು ಯಾರಿಗೂ ಸಾಧ್ಯವಿಲ್ಲ. ಆಗ ರೋಗಿಯ ಕೈಗೆ ಹೋಗುವುದು ಮೊದಲ ವಾಕ್ಯ ಮಾತ್ರ, ಅದನ್ನು ಓದಿದವರು ಡಿಸ್ಕ್‌ಗೆ ಚಿಕಿತ್ಸೆ ಶುರುಮಾಡುತ್ತಾರೆ. ಅಷ್ಟು ಹೊತ್ತಿಗೆ ಅತ್ತ ಮೂಳೆಯ ತಲೆ ಕುಸಿಯುತ್ತಿರಬಹುದು.

ಟಿ2_ಟೆಕ್

ಫಾರಂನಲ್ಲಿ ಏನಿರಬೇಕು ಎಂದು ಕಳುಹಿಸುವ ವೈದ್ಯರು ಕೇಳುತ್ತಾರೆ. ಉದ್ದ ಬೇಕಿಲ್ಲ. ಯಾವ ಬದಿ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನದಿಂದ, ಪರೀಕ್ಷೆಯಲ್ಲಿ ಯಾವುದರ ಬಲ ಅಥವಾ ರಿಫ್ಲೆಕ್ಸ್ ಕುಂದಿದೆ, ಹಿಂದಿನ ಆಪರೇಷನ್, ಕ್ಯಾನ್ಸರ್, ಜ್ವರ, ಬಿದ್ದದ್ದು, ಸ್ಟೀರಾಯ್ಡ್ ಇವುಗಳಲ್ಲಿ ಯಾವುದಾದರೂ ಇದೆಯೇ, ಮತ್ತು ಚಿತ್ರದಿಂದ ಯಾವ ಪ್ರಶ್ನೆಗೆ ಉತ್ತರ ಬೇಕು. ಎರಡು ಸಾಲಿನಲ್ಲಿ ಮುಗಿಯುತ್ತದೆ. ಇದಿಷ್ಟೂ ಇಲ್ಲದಿದ್ದಾಗ ನಾನು ಮೇಜಿನ ಮೇಲೆ ಮಲಗಿಸುವ ಮುನ್ನ ರೋಗಿಯನ್ನೇ ಕೇಳುತ್ತೇನೆ, ಒಂದು ಬೆರಳಿನಿಂದ ನೋವಿನ ಜಾಗ ಮುಟ್ಟಿ ತೋರಿಸಲು ಹೇಳಿ ಅದನ್ನು ಹಾಳೆಯ ಮೇಲೆ ಬರೆದು ಒಳಗೆ ಕಳುಹಿಸುತ್ತೇನೆ.

ಮೂಳೆಮಾತು

ಸ್ಟೀರಾಯ್ಡ್ ವಿಚಾರ ಒಪ್ಪಿದೆ. ಆದರೆ ಒಂದು ಪ್ರಶ್ನೆ ಉಳಿದಿದೆ. "ಎಡಗಾಲು ನೋವು" ಎಂದು ಮೊದಲೇ ಬರೆದುಕೊಟ್ಟರೆ ಓದುವವರ ಕಣ್ಣು ಎಡಕ್ಕೇ ವಾಲುತ್ತದೆ. ಬರೀ ತಾಗಿರುವುದನ್ನು "ಅಮುಕಿದೆ" ಎಂದು ಬರೆದುಬಿಡುತ್ತಾರೆ. ಬಲಗಡೆಯ ಮೂಲೆಯಲ್ಲಿ ಕಿಡ್ನಿಯ ಗೆಡ್ಡೆ ಇದ್ದರೆ ನೋಡುವುದೇ ಇಲ್ಲ. ಹಿನ್ನೆಲೆಯೂ ದಾರಿ ತಪ್ಪಿಸುತ್ತದಲ್ಲ?

ಬೆಳಕಿನಪೆಟ್ಟಿಗೆ

ತಪ್ಪಿಸಬಹುದು, ಇದು ನಿಜವಾದ ತೊಡಕು. ನಾನು ಮಾಡುವುದು ಹೀಗೆ: ಫಾರಂ ಓದದೆ ಮೊದಲು ಎಲ್ಲ ಸೀಳುಗಳನ್ನೂ ಒಂದು ಸುತ್ತು ನೋಡಿ, ಕಂಡದ್ದನ್ನು ಬರೆದಿಡುತ್ತೇನೆ, ಜಾಗ ಹೊಂದಿಸಲು ತೆಗೆಯುವ ಮೊದಲ ಅಗಲ ಚಿತ್ರಗಳನ್ನೂ ಬಿಡುವುದಿಲ್ಲ. ಆಮೇಲೆ ಫಾರಂ ಓದಿ, ಲಕ್ಷಣ ಹೇಳುವ ಜಾಗಕ್ಕೆ ಹೋಗಿ ಎರಡನೇ ಸುತ್ತು. ಎರಡನೇ ಸುತ್ತಿನಲ್ಲಿ ಹೊಸದನ್ನು ಸೇರಿಸಬಹುದು, ಆದರೆ ಮೊದಲ ಸುತ್ತಿನಲ್ಲಿ "ತಾಗಿದೆ" ಎಂದು ಬರೆದದ್ದನ್ನು "ಅಮುಕಿದೆ" ಎಂದು ಏರಿಸಬೇಕಾದರೆ ಅಡ್ಡಸೀಳಿನಲ್ಲಿ ನರದ ಆಕಾರ ಬದಲಾದದ್ದು ಕಾಣಲೇಬೇಕು.

ನಡಿಗೆ

ಇದನ್ನು ಒಪ್ಪದವರೂ ಇದ್ದಾರೆ. ಮೊದಲ ಸುತ್ತಿನಲ್ಲಿ ಬರೆದಿಟ್ಟದ್ದಕ್ಕೇ ಮನಸ್ಸು ಅಂಟಿಕೊಳ್ಳುತ್ತದೆ, ಆದ್ದರಿಂದ ಪ್ರಶ್ನೆ ತಿಳಿದುಕೊಂಡೇ ಚಿತ್ರಕ್ಕೆ ಕೈಹಾಕಬೇಕು ಎಂಬುದು ಅವರ ವಾದ.

ಇನ್ನೊಂದು ವಿಚಾರ: ನೋವಿಲ್ಲದವರಲ್ಲೂ ಇದು ಇಷ್ಟು ಶೇಕಡಾ ಕಾಣುತ್ತದೆ ಎಂದು ರಿಪೋರ್ಟ್‌ನ ಕೆಳಗೇ ಅಚ್ಚು ಹಾಕಿದರೆ ರೋಗಿಗಳ ಹೆದರಿಕೆ ತಗ್ಗುವುದಿಲ್ಲವೇ?

ಬೆಳಕಿನಪೆಟ್ಟಿಗೆ

ಅದನ್ನು ದೊಡ್ಡ ಮಟ್ಟದಲ್ಲೇ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಸುಮಾರು ಎರಡೂವರೆ ಲಕ್ಷ ರೋಗಿಗಳ ಬೆನ್ನಿನ ರಿಪೋರ್ಟ್‌ಗಳನ್ನು ಒಳಗೊಂಡ ಪ್ರಯೋಗ, ಫಲಿತಾಂಶ 2020ರಲ್ಲಿ ಬಂತು. ಅಂತಹ ಸಾಲುಗಳನ್ನು ಸೇರಿಸಿದ್ದರಿಂದ ಮುಂದಿನ ಒಂದು ವರ್ಷದಲ್ಲಿ ಬೆನ್ನಿಗಾಗಿ ಪಡೆದ ಒಟ್ಟು ಚಿಕಿತ್ಸೆ ಕಡಿಮೆಯಾಗಲಿಲ್ಲ. ಅಫೀಮು ವರ್ಗದ ನೋವುಮಾತ್ರೆ ಬರೆದುಕೊಡುವುದು ಮಾತ್ರ ತುಸು ತಗ್ಗಿತು. ಹಾಗಂತ ಆ ಸಾಲು ಬೇಡ ಎನ್ನುವುದಿಲ್ಲ, ನಾನು ಸೇರಿಸುತ್ತೇನೆ. ಆದರೆ ಆ ಸಂಖ್ಯೆ ಗುಂಪಿನ ಬಗ್ಗೆ ಹೇಳುತ್ತದೆ. ಈ ಒಬ್ಬ ಮನುಷ್ಯನ ಚಾಚಿಕೆ ಆ 36ರಲ್ಲಿ ಸೇರಿದ್ದೋ ಅಲ್ಲವೋ ಎಂಬುದಕ್ಕೆ ಅವನ ಕಾಲನ್ನೇ ಮುಟ್ಟಿ ನೋಡಬೇಕು.

ಸಾಲುಮರ

ನನ್ನ ರಿಪೋರ್ಟ್ ಮತ್ತೆ ತೆಗೆದು ನೋಡಿದೆ. ಮೇಲ್ಗಡೆ ಹಿನ್ನೆಲೆ ಬರೆಯುವ ಜಾಗದಲ್ಲಿ "ಸೊಂಟನೋವು" ಎಂದಷ್ಟೇ ಇದೆ. ಆಗ ನನಗಿದ್ದದ್ದು ಬಲ ಮೀನಖಂಡದ ನೋವು, ನಡೆದರೆ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಅದೂ ಡಿಸ್ಕ್‌ನಿಂದಲೇ ಇರಬಹುದೇ?

ನಡಿಗೆ

ಇರಬಹುದು, ಇಲ್ಲದಿರಲೂಬಹುದು. ಸುಮ್ಮನೆ ನಿಂತರೆ ಸಾಕು, ನೋವು ಹೋಗುತ್ತದೆ ಅಂದರೆ ಕಾಲಿನ ರಕ್ತನಾಳದ ಕಡೆಗೂ ನೋಡಬೇಕು. ಬೆನ್ನೆಲುಬಿನ ನಾಳ ಕಿರಿದಾಗಿ ನರ ಒತ್ತುವುದರಿಂದ ಬರುವ ನೋವಾದರೆ ಸಾಮಾನ್ಯವಾಗಿ ನಿಂತರೆ ಹೋಗುವುದಿಲ್ಲ, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ನೀವು ಧೂಮಪಾನ ಮಾಡುತ್ತೀರಾ, ಸಕ್ಕರೆ ಕಾಯಿಲೆ ಇದೆಯೇ? ಮುಂದಿನ ಸಲ ವೈದ್ಯರ ಬಳಿ ಹೋದಾಗ ಪಾದದ ನಾಡಿ ನೋಡಲು, ಕಣಕಾಲು ಮತ್ತು ತೋಳಿನ ಬಿಪಿ ಹೋಲಿಸಲು ಕೇಳಿ. ರಿಪೋರ್ಟ್ ತೋರಿಸುವ ಮೊದಲು ಈ ನಡಿಗೆಯ ವಿಷಯ ಹೇಳಿ.